ಕಣ್ಣಿ

ಭೀಮಪ್ಪನ ಮಗ ಮಲ್ಲಿಕಾರ್ಜುನ ಕಳೆದ ಗುರುವಾರ ಸಂಜೆ ಪುಣೆಯ ದಾಪೋಡಿಯ ನಮ್ಮ ಮನೆಗೆ ಬಂದಾಗ ಅವನ ಕೈಯಲ್ಲಿ ಉದ್ದನೆಯ ಸುರುಳಿ ಕಾಗದವಿತ್ತು. ಅವನು ಚಾಕಣದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾನೆ. ದೀಪಾವಳಿಗೂ ಯುಗಾದಿಗೂ ತಪ್ಪದೆ ಬಂದು ಕಾಲಿಗೆ ನಮಸ್ಕರಿಸಿ ಹೋಗುವ ಹುಡುಗ. ಹಬ್ಬವಿಲ್ಲದ ದಿನ ಬಂದದ್ದು ಅದೇ ಮೊದಲು. ಸುರುಳಿಯನ್ನು ಮೇಜಿನ ಮೇಲೆ ಬಿಡಿಸಿ ನಾಲ್ಕು ಮೂಲೆಗಳಿಗೂ ಚಹಾದ ಕಪ್ಪು, ಕನ್ನಡಕದ ಡಬ್ಬಿ ಇಟ್ಟು ನಿಲ್ಲಿಸಿದ. ಎದೆಯುಬ್ಬಿಸಿ ನಿಂತು, ಒಂದು ಕೈಯಲ್ಲಿ ರೈಫಲ್ ಎತ್ತಿ, ಇನ್ನೊಂದು ಕೈಯಿಂದ ಮುಂದಕ್ಕೆ ಬನ್ನಿ ಎಂದು ಕರೆಯುತ್ತಿರುವ ಸೈನಿಕನ ಚಿತ್ರ ಅದು.

"ಊರಾಗ ಅಪ್ಪನ ಮೂರ್ತಿ ನಿಲ್ಲಸ್ತಾರಂತ ಕಾಕಾ. ಕೆಳಗ ಕಲ್ಲಿನ ಮ್ಯಾಲೆ ನಾಕು ಸಾಲು ಬರೀಬೇಕು. ಅಲ್ಲಿ ಏನಾತು, ಎಷ್ಟು ಮಂದಿ ವೈರಿಗಳನ್ನ ಹೊಡದ, ಅದನ್ನ ನೀವ ಹೇಳಬೇಕು" ಎಂದ.

ಭೀಮಪ್ಪ ತೀರಿಕೊಂಡಾಗ ಮಲ್ಲಿಕಾರ್ಜುನ ಎಂಟು ತಿಂಗಳ ಕೂಸು. ಅವನ ತಾಯಿ, ನಾನು ವೈನಿ ಎಂದು ಕರೆಯುವ ಆಕೆ, ಕೇಳಿದಾಗಲೆಲ್ಲ ನಾನು ಒಂದೇ ಮಾತು ಹೇಳುತ್ತ ಬಂದಿದ್ದೆ: ಎಲ್ಲರಿಗಿಂತ ಮುಂದೆ ಇದ್ದ, ಕಷ್ಟಪಡಲಿಲ್ಲ. ಎರಡೂ ನಿಜವೇ. ಆದರೆ ಆ ಎರಡು ನಿಜಗಳ ನಡುವೆ ನಾನು ಮುಚ್ಚಿಟ್ಟದ್ದು ದೊಡ್ಡದು. ಅಂದು ಮಲ್ಲುವಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಭೀಮಪ್ಪನೂ ನಾನೂ ಸ್ಯಾಪರ್‌ಗಳು, ನೆಲದಲ್ಲಿ ಹೂತ ಸಿಡಿಮದ್ದಿನ ಸುರಂಗ ಹುಡುಕುವುದನ್ನು ಇಲ್ಲೇ ಖಡಕಿಯಲ್ಲಿ ಕಲಿತವರು. 1987ರ ಜುಲೈ 29ರಂದು ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಭಾರತದ ಸೈನ್ಯ ಶಾಂತಿ ಕಾಪಾಡಲೆಂದು ಶ್ರೀಲಂಕಾಕ್ಕೆ ಹೋಯಿತು. ಮೊದಮೊದಲು ಯಾಳ್ಪಾಣದ, ಅಂದರೆ ಜಾಫ್ನಾದ, ಜನ ಹಾರ ಹಾಕಿ ಬರಮಾಡಿಕೊಂಡರು. ಅಕ್ಟೋಬರ್ ಎರಡನೆಯ ವಾರದಲ್ಲಿ ಅದೇ ಜಾಗದಲ್ಲಿ ಯುದ್ಧ ಆರಂಭವಾಯಿತು. ಯಾರ ಜೊತೆ, ಯಾಕೆ ಎಂದು ನಮಗೆ ಯಾರೂ ಸರಿಯಾಗಿ ಹೇಳಲಿಲ್ಲ. ಹೇಳಬೇಕಾದವರಿಗೂ ಅದು ಪೂರ್ತಿ ತಿಳಿದಿತ್ತೆಂದು ನನಗೆ ಅನಿಸುವುದಿಲ್ಲ. ಪಲಾಲಿಯ ವಿಮಾನ ನಿಲ್ದಾಣದಲ್ಲಿ ಇಳಿದ ಮರುದಿನವೇ ನಮ್ಮ ಎಂಟು ಜನರ ತುಕಡಿಯನ್ನು ಒಂದು ಪದಾತಿ ಪಡೆಯ ಮುಂದೆ ನಡೆಯಲು ಕಳಿಸಿದರು.

ಅಲ್ಲಿಯ ಕೆಲಸ ನಾವು ಕಲಿತದ್ದಕ್ಕಿಂತ ಬೇರೆಯಾಗಿತ್ತು. ನಮ್ಮ ಶೋಧಕ ಯಂತ್ರ ಲೋಹವಿದ್ದರೆ ಕಿವಿಯಲ್ಲಿ ಕೂಗುತ್ತದೆ. ತಮಿಳು ಹುಲಿಗಳು ಮದ್ದನ್ನು ಪ್ಲಾಸ್ಟಿಕ್ ಕ್ಯಾನುಗಳಲ್ಲಿ ತುಂಬಿ, ಮೋರಿಯ ಕೆಳಗೋ ಡಾಂಬರಿನ ಅಡಿಗೋ ಹೂತು, ತಂತಿಯನ್ನು ದೂರದವರೆಗೆ ಎಳೆದು ಕಾಯುತ್ತಿದ್ದರು. ಇಂಥ ಕಡೆ ಯಂತ್ರ ಬಾಯಿ ಬಿಡುವುದಿಲ್ಲ. ಕೂಗಿದರೂ ಹಳೆಯ ಮೊಳೆಗೋ ಡಬ್ಬಿಯ ಮುಚ್ಚಳಕ್ಕೋ ಕೂಗುತ್ತದೆ. ಆದ್ದರಿಂದ ಹೊಟ್ಟೆಯ ಮೇಲೆ ಮಲಗಿ, ಕಬ್ಬಿಣದ ಸಲಾಕೆಯನ್ನು ಓರೆಯಾಗಿ ಚುಚ್ಚುತ್ತ, ಅಂಗೈ ಅಗಲದ ನೆಲವನ್ನು ಒಂದೊಂದಾಗಿ ನೋಡಬೇಕಿತ್ತು. ಹಿಂದೆ ನೂರು ಜನ ನಿಂತಿರುತ್ತಾರೆ. ನಿಂತಷ್ಟೂ ಅವರೇ ಗುರಿಯಾಗುತ್ತಾರೆ, ಆದ್ದರಿಂದ ಬೇಗ ಬೇಗ ಎನ್ನುತ್ತಾರೆ. ಅವರದೂ ತಪ್ಪಲ್ಲ.

ಆ ಬೆಳಿಗ್ಗೆ ಭೀಮಪ್ಪನಿಗೆ ಹೊಟ್ಟೆ ಕೆಟ್ಟಿತ್ತು. ಹಿಂದಿನ ರಾತ್ರಿ ಬಾವಿಯ ನೀರು ಕುಡಿದಿದ್ದ. ಎರಡು ಸಲ ಬೇಲಿಯ ಮರೆಗೆ ಹೋಗಿ ಬಂದ, ಮುಖ ಬಾಡಿತ್ತು. ಎಡಗಾಲಿನ ಬೂಟಿನ ಅಟ್ಟೆ ಕಿತ್ತು ಬಂದಿದ್ದರಿಂದ ಅದನ್ನು ಟೆಲಿಫೋನ್ ತಂತಿಯಿಂದ ಕಟ್ಟಿಕೊಂಡಿದ್ದ. ರಾತ್ರಿಯೆಲ್ಲ ಸುರಿದ ಮಳೆಗೆ ಕೆಂಪು ಮಣ್ಣು ಅಂಟಂಟಾಗಿತ್ತು. ರಸ್ತೆಯ ಎರಡೂ ಬದಿಗೆ ತಾಳೆಗರಿಯ ಬೇಲಿ, ಅದರಾಚೆ ಏನಿದೆಯೆಂದು ಕಾಣುವುದಿಲ್ಲ. ಇನ್ನೂರು ಗಜ ಮುಂದೆ ಒಂದು ಸಣ್ಣ ಮೋರಿ, ಮೋರಿಯ ಮೇಲೆ ಒಂದು ಹಸು. ಹಸುವಿನ ಕೊರಳಲ್ಲಿ ತುಂಡಾದ ಹಗ್ಗ ಜೋತಾಡುತ್ತಿತ್ತು.

ಆಗ ಬಲಗಡೆಯ ಬೇಲಿಯ ಸಂದಿನಿಂದ ಒಬ್ಬ ಮುದುಕಿ ಹೊರಗೆ ಬಂದಳು. ಅವಳ ಕೈಯಲ್ಲೂ ಒಂದು ತುಂಡು ಹಗ್ಗವಿತ್ತು. ಮೋರಿಯ ಕಡೆಗೆ ಕೈ ಮಾಡಿ ಏನೇನೋ ಕೂಗಿದಳು. ನಮ್ಮ ಸಾಹೇಬರು ಇಪ್ಪತ್ತನಾಲ್ಕು ವರ್ಷದ ಲೆಫ್ಟಿನೆಂಟ್, ಉತ್ತರದ ಕಡೆಯವರು. "ನೀನು ದಕ್ಷಿಣದವನಲ್ಲವೇ, ಅವಳು ಏನನ್ನುತ್ತಾಳೆ ಕೇಳು" ಎಂದು ನನಗೆ ಹಿಂದಿಯಲ್ಲಿ ಹೇಳಿದರು. ಇಂಡಿ ತಾಲ್ಲೂಕಿನಲ್ಲಿ ಹುಟ್ಟಿದವನಿಗೆ ಮರಾಠಿ ಬರಬಹುದು, ತಮಿಳು ಎಲ್ಲಿಂದ ಬರಬೇಕು? ಆದರೆ ನನಗೆ ಬರುವುದಿಲ್ಲ ಎಂದು ನಾನು ಹೇಳಲಿಲ್ಲ. ಆರು ದಿನಗಳಿಂದ ಸಾಹೇಬರು ನನ್ನನ್ನು ಹೀಗೆ ಕೇಳುತ್ತಿದ್ದರು, ನಾನು ಊಹಿಸಿ ಹೇಳುತ್ತಿದ್ದೆ, ನೀರು, ಅನ್ನ, ಇಲ್ಲ ಎಂಬಂಥ ಮಾತುಗಳಲ್ಲಿ ಊಹೆ ಸರಿಯಾಗುತ್ತಲೂ ಇತ್ತು, ಹಾಗಾಗಿ ತುಕಡಿಯಲ್ಲಿ ನನಗೊಂದು ಬೆಲೆ ಬಂದಿತ್ತು.

ಮುದುಕಿಯ ಮಾತಿನಲ್ಲಿ ನನ್ನ ಕಿವಿಗೆ ಸಿಕ್ಕದ್ದು ಒಂದೇ ಶಬ್ದ, ಕಣ್ಣಿ. ಮತ್ತೆ ಮತ್ತೆ ಅದನ್ನೇ ಅಂದಳು. ಕಣ್ಣಿ ನನಗೆ ಗೊತ್ತಿಲ್ಲವೇ? ನಮ್ಮ ದನದ ಕೊಟ್ಟಿಗೆಯಲ್ಲಿ ಆಕಳಿಗೂ ಕರುವಿಗೂ ಕಟ್ಟುತ್ತಿದ್ದ ಹಗ್ಗ ಅದು. ಕಣ್ಣ ಮುಂದೆ ಹಸುವಿದೆ, ಅದರ ಕೊರಳಲ್ಲಿ ಹರಿದ ಕಣ್ಣಿಯಿದೆ, ಮುದುಕಿಯ ಕೈಯಲ್ಲಿ ಉಳಿದ ತುಂಡಿದೆ. "ಹಸು ಹಗ್ಗ ಹರಿದುಕೊಂಡು ಬಂದಿದೆ ಸಾಬ್, ಹಿಡಿದುಕೊಡಿ ಎನ್ನುತ್ತಿದ್ದಾಳೆ" ಎಂದೆ.

ಸಾಹೇಬರಿಗೆ ಸಿಟ್ಟು ಬಂತು, ಹಿಂದಿನವರಿಂದ ಆಗಲೇ ಎರಡು ಸಲ ವೈರ್‌ಲೆಸ್‌ನಲ್ಲಿ ಕರೆ ಬಂದಿತ್ತು. "ಆ ಹಸುವನ್ನು ಯಾರಾದರೂ ಪಕ್ಕಕ್ಕೆ ಓಡಿಸಿ" ಎಂದರು. ಭೀಮಪ್ಪ ಎದ್ದ. ಯಾರೂ ಅವನ ಹೆಸರು ಹಿಡಿದು ಹೇಳಿರಲಿಲ್ಲ. ಮಲಗಿ ಮಲಗಿ ಹೊಟ್ಟೆ ನೋಯುತ್ತಿತ್ತು, ಎದ್ದು ನಡೆಯಲು ಅವನಿಗೊಂದು ನೆಪ ಬೇಕಿತ್ತು ಎಂದು ನನಗೆ ಅನಿಸುತ್ತದೆ. ದನ ಕಂಡರೆ ಅವನಿಗಿದ್ದ ಆಸೆಯೂ ಇರಬಹುದು. ರೈಫಲ್ ಬೆನ್ನಿಗಿತ್ತು, ಬಲಗೈಯಲ್ಲಿ ಸಲಾಕೆ. ರಸ್ತೆಯ ಅಂಚು ಹಿಡಿದು, ಊರಲ್ಲಿ ಮಾಡುವಂತೆ ನಾಲಿಗೆಯಿಂದ ಲೊಚಗುಟ್ಟುತ್ತ, "ಬಾ ಅವ್ವಾ, ಬಾ" ಎಂದು ಕರೆಯುತ್ತ ಹೋದ. ಹಸು ಬೆದರಿ ಮೋರಿಯಿಂದ ಇಳಿದು ತಾಳೆ ತೋಪಿನೊಳಗೆ ಓಡಿತು. ಅದರ ಹಿಂದೆ ಅವನು ಮೋರಿಯ ಮೇಲೆ ಎರಡು ಹೆಜ್ಜೆ ಇಟ್ಟಿರಬೇಕು.

ಸದ್ದು ನನಗೆ ನೆನಪಿಲ್ಲ. ಮಣ್ಣು ಮೇಲೇರಿದ್ದು, ಅದು ಬಹಳ ನಿಧಾನವಾಗಿ ಕೆಳಗೆ ಬಿದ್ದದ್ದು, ಎಡಗಿವಿಯಲ್ಲಿ ಬಿಸಿ ನೀರು ಹೊಯ್ದಂತಾದದ್ದು ನೆನಪಿದೆ. ಆಮೇಲೆ ಎಲ್ಲರೂ ಗುಂಡು ಹಾರಿಸುತ್ತಿದ್ದರು. ನಾನೂ ಹಾರಿಸಿದೆ. ಬಲಗಡೆಯ ಬೇಲಿಯ ಕಡೆಗೆ ಯಾಕೆ ಹಾರಿಸಿದೆವು? ಮೊದಲು ಯಾರೋ ಆ ಕಡೆ ಹಾರಿಸಿದರು, ಗುಂಡು ಆ ಕಡೆಯಿಂದ ಬಂದಂತೆ ಅನಿಸಿತು, ಅದಕ್ಕೇ. ನನ್ನ ಬಳಿ ಇದ್ದ ಎರಡು ಮ್ಯಾಗಜಿನ್ ಖಾಲಿಯಾದವು. ಸಾಹೇಬರು ನಿಲ್ಲಿಸಿ, ನಿಲ್ಲಿಸಿ ಎಂದು ಕೈ ಬೀಸುತ್ತಿದ್ದದ್ದು ಕಂಡಿತು. ನನ್ನ ಕಿವಿಗೆ ಏನೂ ಕೇಳಿಸುತ್ತಿರಲಿಲ್ಲ. ಆ ಕಡೆಯಿಂದ ಒಂದು ಗುಂಡೂ ಬಂದಿರಲಿಲ್ಲ ಎಂಬುದು ನಿಂತ ಮೇಲೆ ತಿಳಿಯಿತು.

ಬೇಲಿಯ ಹಿಂದೆ ಬಾವಿಕಟ್ಟೆಯ ಬಳಿ ಮುದುಕಿ ಮಕಾಡೆ ಬಿದ್ದಿದ್ದಳು. ಹಗ್ಗದ ತುಂಡು ಇನ್ನೂ ಕೈಯಲ್ಲಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಒಲೆಯ ಮೇಲೆ ಪಾತ್ರೆಯಿತ್ತು. ಒಂದು ಗಂಟೆಯ ಬಳಿಕ ಮೋರಿಯ ಬಳಿ ತಂತಿ ಸಿಕ್ಕಿತು. ಅದು ರಸ್ತೆಯ ಎಡಗಡೆಗೆ, ಗದ್ದೆ ದಾಟಿ, ಒಂದು ಪಾಳು ಗೋಡೆಯ ಹಿಂದಕ್ಕೆ ಹೋಗಿತ್ತು. ನಾವು ಗುಂಡು ಹಾರಿಸಿದ್ದು ಬಲಗಡೆಗೆ.

ಸಂಜೆ ಸಾಹೇಬರು ವರದಿ ಬರೆದರು. ಅವರ ಕೈ ನಡುಗಿ ಎರಡು ಹಾಳೆ ಹರಿದರು. ಮನೆಯಿಂದ ಗುಂಡು ಬಂತಲ್ಲವೇ ಎಂದು ನನ್ನನ್ನು ಕೇಳಿದರು. ನಾನು ಹೌದು ಎಂದೆ. ಅವರೂ ಅದನ್ನು ನಂಬಲು ಬಯಸಿದ್ದರು. ಭೀಮಪ್ಪನ ದೇಹವನ್ನು ಊರಿಗೆ ಕಳಿಸುವ ಏರ್ಪಾಡು ಆಗ ನಮಗೆ ಇರಲಿಲ್ಲ; ಸಿಕ್ಕಷ್ಟನ್ನು ಪಲಾಲಿಯ ಹತ್ತಿರ ಸುಟ್ಟೆವು, ಬೂದಿ ಊರಿಗೆ ಹೋಯಿತು.

ಕಿವಿಯ ಚಿಕಿತ್ಸೆಗಾಗಿ ನನ್ನನ್ನು ಪುಣೆಗೆ ತಂದರು. ಆಸ್ಪತ್ರೆಯ ಪಕ್ಕದ ಮಂಚದಲ್ಲಿ ಕಾಲು ಕಳೆದುಕೊಂಡ ತಿರುನೆಲ್ವೇಲಿಯ ಹುಡುಗನೊಬ್ಬನಿದ್ದ. ಅವನ ಊರಿನವರು ನೋಡಲು ಬಂದಾಗ ಅವನು ತಮಿಳಿನಲ್ಲಿ ಕಥೆ ಹೇಳುತ್ತಿದ್ದ. ಅದರಲ್ಲಿ ಒಂದು ಶಬ್ದ ಬಂತು, ಕಣ್ಣಿವೆಡಿ. ನನ್ನ ಬಲಗಿವಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ಹಾಗೆಂದರೇನು ಎಂದು ಹಿಂದಿಯಲ್ಲಿ ಕೇಳಿದೆ. "ನೆಲದಲ್ಲಿ ಹೂಳುವ ಸುರಂಗ, ನನ್ನ ಕಾಲು ತೆಗೆದುಕೊಂಡದ್ದು" ಎಂದ. ಆ ರಾತ್ರಿ ಅವನಿಗೆ ಎಲ್ಲ ಹೇಳಿದೆ. ಅವನು ಬಹಳ ಹೊತ್ತು ಯೋಚಿಸಿ, "ಅವಳು ಬೇರೆ ಏನೇನು ಅಂದಳು?" ಎಂದು ಕೇಳಿದ. ನನಗೆ ತಿಳಿದ ಶಬ್ದ ಸಿಕ್ಕಿದ ಮೇಲೆ ಉಳಿದದ್ದನ್ನು ನಾನು ಕೇಳಿಸಿಕೊಂಡೇ ಇರಲಿಲ್ಲ.

ಅವಳು ನಮ್ಮನ್ನು ಎಚ್ಚರಿಸಲು ಬಂದಿದ್ದಳೋ, ಹಸು ಆ ಮೋರಿಯ ಮೇಲೆ ಸತ್ತೀತೆಂದು ಹೆದರಿ ಬಂದಿದ್ದಳೋ, ಅಥವಾ ನಿಜವಾಗಿಯೂ ಹಗ್ಗದ ಮಾತನ್ನೇ ಆಡುತ್ತಿದ್ದಳೋ ನನಗೆ ಗೊತ್ತಿಲ್ಲ. ಒಂದೊಂದು ವರ್ಷ ಒಂದೊಂದು ನಿಜವೆನಿಸಿದೆ. 1990ರ ಮಾರ್ಚ್‌ನಲ್ಲಿ ಸೈನ್ಯ ವಾಪಸು ಬರುವ ಹೊತ್ತಿಗೆ ನಮ್ಮ ಕಡೆಯವರೇ ಸಾವಿರಕ್ಕೂ ಹೆಚ್ಚು ಮಂದಿ ಅಲ್ಲಿ ಸತ್ತಿದ್ದರು. ಆ ಲೆಕ್ಕದಲ್ಲಿ ಭೀಮಪ್ಪನಿದ್ದಾನೆ. ಮುದುಕಿ ಯಾವ ಲೆಕ್ಕದಲ್ಲಿದ್ದಾಳೆಂದು ನಾನು ಯಾರನ್ನೂ ಕೇಳಲಿಲ್ಲ.

ಮಲ್ಲು ಎಲ್ಲವನ್ನೂ ತಲೆ ತಗ್ಗಿಸಿ ಕೇಳಿದ. ಚಹಾ ಆರಿ ಕೆನೆಗಟ್ಟಿತ್ತು. "ಅಪ್ಪ ಒಬ್ಬರನ್ನೂ ಹೊಡೀಲಿಲ್ಲೇನು?" ಎಂದ.

"ಇಲ್ಲಪ್ಪ. ಅವ ಅಲ್ಲಿದ್ದ ಆರು ದಿನದಾಗ ಒಂದು ಗುಂಡೂ ಹಾರಿಸಲಿಲ್ಲ. ಹಾರಿಸಿದಾಂವ ನಾನು."

ಅವನಿಗೆ ನನ್ನ ಮೇಲೆ ಸಿಟ್ಟು ಬಂದಿದೆಯೋ ಎಂದು ಮುಖ ನೋಡಿದೆ. ತಿಳಿಯಲಿಲ್ಲ. ಚಿತ್ರವನ್ನು ಸುತ್ತಿದ, ಮತ್ತೆ ಬಿಡಿಸಿದ, ರೈಫಲ್ ಎತ್ತಿದ ಕೈಯ ಮೇಲೆ ಬೆರಳಿಟ್ಟು ಸುಮ್ಮನೆ ಕುಳಿತ. ಆಮೇಲೆ, "ಅವ್ವಗ ನಾ ಹೇಳಂಗಿಲ್ಲ ಕಾಕಾ. ನೀವ ಬಂದು ಹೇಳ್ರಿ. ಐತ್ವಾರ ಸ್ವಾರಗೇಟಿನಿಂದ ಬಸ್ಸಿಗೆ ಹೋಗೂಣು" ಎಂದ. ಆಗಲಿ ಎಂದೆ.

ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ ತಿರುಗಿ ನಿಂತ. "ಆ ಆಕಳ ಏನಾತು?"

ಇಷ್ಟು ವರ್ಷಗಳಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಹಸುವಿಗೆ ಏನೂ ಆಗಿರಲಿಲ್ಲ. ನಾವು ಮುದುಕಿಯನ್ನು ಅವಳ ಹಿತ್ತಲಲ್ಲೇ ಹೂಳುತ್ತಿದ್ದಾಗ ಅದು ತಾನಾಗಿ ಬಾವಿಕಟ್ಟೆಯ ಬಳಿ ಬಂದು ನಿಂತು ಕೂಗುತ್ತಿತ್ತು, ಬೆಳಗಿನಿಂದ ಕರೆಯದೆ ಕೆಚ್ಚಲು ಬಿಗಿದಿತ್ತು. ನಮ್ಮ ತುಕಡಿಯ ಸಾತಾರಾದ ಹುಡುಗನೊಬ್ಬ ಸನಿಕೆ ಕೆಳಗಿಟ್ಟು, ಪಾತ್ರೆ ಹುಡುಕದೆ, ಹಾಗೇ ನೆಲಕ್ಕೆ ಹಾಲು ಕರೆದ. ಅವನು ಮುಗಿಸುವವರೆಗೆ ನಾನು ಕಣ್ಣಿ ಹಿಡಿದುಕೊಂಡು ನಿಂತಿದ್ದೆ, ಆಮೇಲೆ ಅದನ್ನು ಕೊರಳಿನಿಂದ ಬಿಚ್ಚಿಬಿಟ್ಟೆ.