ಪುನರಾವರ್ತನೆ: ಫತ್ವಾ, ತೀರ್ಪು, ವಿದ್ವಾಂಸರ ಅಭಿಪ್ರಾಯ

ಪ್ರಶ್ನೆ: ಫತ್ವಾ ಮತ್ತು ಖಾಜಿಯ ತೀರ್ಪಿಗೆ ಇರುವ ವ್ಯತ್ಯಾಸವೇನು?
ಉತ್ತರ: ವಿಜಯಪುರದ ಮಹಿಳೆಯೊಬ್ಬರು ತಂದೆಯ ಮನೆಯಲ್ಲಿ ತಮಗೆಷ್ಟು ಪಾಲು ಬರುತ್ತದೆಂದು ಮುಫ್ತಿಯವರನ್ನು ಕೇಳಿದರೆ, ಅವರು ಆಕೆ ಹೇಳಿದ ಸಂಗತಿಗಳನ್ನೇ ಆಧರಿಸಿ, ಅವು ನಿಜವೇ ಎಂದು ವಿಚಾರಣೆ ನಡೆಸದೆ, ಧಾರ್ಮಿಕ ನಿಯಮವನ್ನು ತಿಳಿಸುತ್ತಾರೆ, ಅದು ಫತ್ವಾ. ಖಾಜಿಯಾದರೋ ಆಕೆಯ ಅಣ್ಣತಮ್ಮಂದಿರ ಮಾತನ್ನೂ ಕೇಳಿ, ಸಾಕ್ಷ್ಯಗಳನ್ನು ಪರಿಶೀಲಿಸಿ ತೀರ್ಪು ಕೊಡಬೇಕು. ಶಾಸ್ತ್ರದ ಪ್ರಕಾರ ಅದು ಉಭಯ ಪಕ್ಷಗಳನ್ನೂ ಕಟ್ಟಿಹಾಕುತ್ತದೆ. ಈ ಭೇದವನ್ನು ಮರೆತು ಫತ್ವಾವನ್ನು ಆಜ್ಞೆಯೆಂದು ಬರೆಯುವುದು ಗಂಭೀರ ತಪ್ಪು.

ಪ್ರಶ್ನೆ: ವಿದ್ವಾಂಸರ ಅಭಿಪ್ರಾಯ?
ಉತ್ತರ: ಅದು ಪಾಠದಲ್ಲೋ ಗ್ರಂಥದಲ್ಲೋ ಮಂಡಿಸಿದ ಸಾಮಾನ್ಯ ವಿಚಾರ; ಅದಕ್ಕೆ ಪ್ರಶ್ನೆ ಕೇಳಿದವರು ಇರಲೇಬೇಕೆಂದಿಲ್ಲ.

ಪ್ರಶ್ನೆ: ಭಾರತದಲ್ಲಿ ಫತ್ವಾದ ಸ್ಥಾನವೇನು?
ಉತ್ತರ: ಫತ್ವಾಕ್ಕೆ ಕಾನೂನಿನ ಬಲವಿಲ್ಲವೆಂದೂ, ಅದನ್ನು ಯಾರ ಮೇಲೂ ಬಲವಂತವಾಗಿ ಹೇರುವಂತಿಲ್ಲವೆಂದೂ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ.