ಸಾಗುವಾನಿ ಮರದ ಮನೆ ಹೆಸರಿನ ಬೋರ್ಡ್, ನೀವು ಹೇಳಿದ ಹೆಸರು ಕೆತ್ತಿ ಕೊಡ್ತೀವಿ (18 x 8 ಇಂಚು)

ಬೆಲೆ ₹2,150, ಕರ್ನಾಟಕದೊಳಗೆ ಕೊರಿಯರ್ ಫ್ರೀ. ಕ್ಯಾಶ್ ಆನ್ ಡೆಲಿವರಿ ಇಲ್ಲ.

20 ಎಂಎಂ ದಪ್ಪದ ಒಂದೇ ಹಲಗೆ, ಪ್ಲೈವುಡ್ ಮೇಲೆ ಸ್ಟಿಕರ್ ಅಂಟಿಸಿದ್ದಲ್ಲ. ಶಿವಮೊಗ್ಗದ ನಮ್ಮ ವರ್ಕ್‌ಶಾಪಲ್ಲೇ ಸಿಎನ್‌ಸಿ ಮಷಿನಲ್ಲಿ 3 ಎಂಎಂ ಆಳ ಕೊರೆದು, ಅಂಚನ್ನ ಕೈಯಲ್ಲಿ ಉಜ್ಜಿ, ಅಕ್ಷರಕ್ಕೆ ಕಪ್ಪು ಅಥವಾ ಗೋಲ್ಡ್ ಬಣ್ಣ ತುಂಬಿ ಪಾಲಿಶ್ ಹೊಡೀತೀವಿ. ಮರದ ಗೆರೆ, ಬಣ್ಣ ಫೋಟೋದಲ್ಲಿದ್ದ ಹಾಗೇ ಇರಲ್ಲ, ಒಂದೊಂದು ಹಲಗೆ ಒಂದೊಂದು ಥರ ಇರುತ್ತೆ.

ಹೆಸರು ಟೈಪ್ ಮಾಡೋದು ಹೇಗೆ

ಕೆಳಗೆ ಮೂರು ಬಾಕ್ಸ್ ಇದೆ. ಮೊದಲನೇದು "ಮನೆ ಹೆಸರು", ಎರಡನೇದು "ಎರಡನೇ ಸಾಲು" (ಮನೆಯವರ ಹೆಸರು ಅಥವಾ ಡೋರ್ ನಂಬರ್, ಬೇಡ ಅಂದ್ರೆ ಖಾಲಿ ಬಿಡಿ), ಮೂರನೇದು "ನಮಗೆ ಹೇಳೋದು", ಇದರಲ್ಲಿ ಬರೆದಿದ್ದು ಬೋರ್ಡ್ ಮೇಲೆ ಬರಲ್ಲ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಎರಡನೇ ಸಾಲಲ್ಲಿ "ಸ್ವಲ್ಪ ದೊಡ್ಡದಾಗಿ ಹಾಕಿ ಅಣ್ಣ" ಅಂತ ಬರೆದೋರು ಇದ್ದಾರೆ, ಕೊರೆಯೋಕೆ ಮುಂಚೆ ನಾವು ಕಳಿಸೋ ಡಿಸೈನ್ ಪ್ರೂಫಲ್ಲಿ ನೋಡಿ ಅವರೂ ನಕ್ರು ನಾವೂ ನಕ್ವಿ.

ಒಂದು ಸಾಲಿಗೆ 30ರ ಲಿಮಿಟ್ ಇದೆ, ಆದ್ರೆ ಬಾಕ್ಸ್ ಎಣಿಸೋ ರೀತಿನೇ ಬೇರೆ. "ಲಕ್ಷ್ಮೀ" ನಮ್ಮ ಕಣ್ಣಿಗೆ ಎರಡೇ ಅಕ್ಷರ, ಕಂಪ್ಯೂಟರ್ ಒತ್ತು, ದೀರ್ಘ ಎಲ್ಲಾ ಬಿಡಿಸಿ ಏಳು ಅಂತ ಲೆಕ್ಕ ಹಾಕುತ್ತೆ. ಹೆಸರು ಪೂರ್ತಿ ಹಿಡೀಲಿಲ್ಲ ಅಂದ್ರೆ ಕತ್ತರಿಸ್ಬೇಡಿ, ಮೂರನೇ ಬಾಕ್ಸಲ್ಲಿ ಪೂರ್ತಿ ಬರೀರಿ, ನಾವು ಕೂರಿಸ್ತೀವಿ. ಅಕ್ಷರ ತೀರಾ ಚಿಕ್ಕದಾದ್ರೆ ಒತ್ತಿನ ಒಳಗಿನ ಸಂದು ಕೊರೆಯೋವಾಗ ಒಡೆದು ಹೋಗುತ್ತೆ, ಅಂಥಾ ಕಡೆ ಎರಡು ಸಾಲು ಮಾಡೋಣ ಅಂತ ನಾವೇ ಕೇಳ್ತೀವಿ.

ನುಡಿ ಅಥವಾ ಬರಹ ಸಾಫ್ಟ್‌ವೇರಿನ ಹಳೇ ಫೈಲಿಂದ ಕಾಪಿ ಪೇಸ್ಟ್ ಮಾಡ್ಬೇಡಿ, "ಮನೆ" ಹೋಗಿ `ªÀÄ£É` ಅಂತ ಬರುತ್ತೆ. ಫೋನ್ ಕೀಬೋರ್ಡಲ್ಲೇ ಕನ್ನಡ ಟೈಪ್ ಮಾಡಿ, ಇಲ್ಲಾ ಹಾಳೆ ಮೇಲೆ ಬರೆದು ಫೋಟೋ ಕಳಿಸಿ. ಅರ್ಕಾವತ್ತು ಬೇಕಾ ರ ಮೇಲೆ ಬಂದು ಕೆಳಗೆ ಒತ್ತು ಬೇಕಾ (ಸೂರ್ಯ, ಸೂರ‍್ಯ) ಅದನ್ನೂ ಹೇಳಿಬಿಡಿ.

ಪ್ರೂಫ್ ನೋಡದೆ ಮಷಿನ್ ಆನ್ ಮಾಡಲ್ಲ

ಆರ್ಡರ್ ಆಗಿ 2 ವರ್ಕಿಂಗ್ ಡೇಯೊಳಗೆ ನಿಮ್ಮ ವಾಟ್ಸಾಪಿಗೆ ಪ್ರೂಫ್ ಬರುತ್ತೆ. ಎರಡು ಸಲ ಬದಲಾವಣೆ ಫ್ರೀ, ಮೂರನೇದರಿಂದ ಸಲಕ್ಕೆ ₹100. ಸರಿ ಇದ್ರೆ "ಒಪ್ಪಿಗೆ" ಅಂತ ಆರ್ಡರ್ ನಂಬರ್ ಜೊತೆ ಟೈಪ್ ಮಾಡಿ ಕಳಿಸಿ. ಬರೀ 👍 ಹಾಕಿದ್ರೆ ಒಪ್ಪಿಗೆ ಅಂತ ತಗೊಳಲ್ಲ, ಬೇಜಾರಾಗ್ಬೇಡಿ.

ದಯವಿಟ್ಟು ಮನೇಲಿ ದೊಡ್ಡೋರಿಗೂ ಒಂದ್ಸಲ ತೋರಿಸಿ. ಒಬ್ರು ಬಸ್ಸಲ್ಲಿ ಕೂತು ಅವಸರದಲ್ಲಿ "ಲಕ್ಷ್ಮಿ ನಿಲಯ"ಕ್ಕೆ ಒಪ್ಪಿಗೆ ಕೊಟ್ರು, ಬೋರ್ಡ್ ಮನೆಗೆ ಹೋದಮೇಲೆ ಅವರತ್ತೆ "ಮೀ ದೀರ್ಘ ಎಲ್ಲಿ" ಅಂದ್ರಂತೆ. ಹೊಸದು ಮಾಡಿಸ್ಕೊಂಡ್ರು, ದುಡ್ಡು ಅವರದೇ ಹೋಯ್ತು, ನಮಗೂ ಪಾಪ ಅನ್ಸ್ತು ಆದ್ರೆ ಕೊರೆದ ಮರ ತುಂಬೋಕಾಗಲ್ವಲ್ಲ. 5 ದಿನ ನಿಮ್ಮಿಂದ ಉತ್ತರ ಬರಲಿಲ್ಲ ಅಂದ್ರೆ ಆರ್ಡರ್ ಹೋಲ್ಡಲ್ಲಿ ಇಡ್ತೀವಿ, ನಾವಾಗೇ ಕೊರೆಯಲ್ಲ. ಒಪ್ಪಿಗೆಗೆ ಮುಂಚೆ ಕ್ಯಾನ್ಸಲ್ ಮಾಡಿದ್ರೆ ಡಿಸೈನಿನ ₹150 ಹಿಡ್ಕೊಂಡು ಉಳಿದಿದ್ದು ವಾಪಸ್.

ಎಷ್ಟು ದಿನ

ಲೆಕ್ಕ ಶುರುವಾಗೋದು ದುಡ್ಡು ಕಟ್ಟಿದ ದಿನದಿಂದಲ್ಲ, ಒಪ್ಪಿಗೆ ಬಂದ ದಿನದಿಂದ. ತಯಾರಿಗೆ 8ರಿಂದ 10 ವರ್ಕಿಂಗ್ ಡೇ, ಭಾನುವಾರ ರಜಾ, ಕೊರಿಯರಿಗೆ ಇನ್ನೊಂದು 3ರಿಂದ 5 ದಿನ. ಮಳೆಗಾಲದಲ್ಲಿ ನಮ್ಮ ಕಡೆ ಪಾಲಿಶ್ ಬೇಗ ಒಣಗಲ್ಲ, ಎರಡು ಮೂರು ದಿನ ಜಾಸ್ತಿ ಹಿಡಿಯುತ್ತೆ, ಹಸಿ ಇರೋವಾಗಲೇ ಪ್ಯಾಕ್ ಮಾಡಿದ್ರೆ ಬಬಲ್ ಶೀಟಿನ ಗುಳ್ಳೆ ಗುರುತೆಲ್ಲ ಬೋರ್ಡ್ ಮೇಲೆ ಬೀಳುತ್ತೆ. ಆಷಾಢ ಮುಗೀತಿದ್ದ ಹಾಗೇ ಶ್ರಾವಣದ ಗೃಹಪ್ರವೇಶಕ್ಕೆ ಎಲ್ರೂ ಒಟ್ಟಿಗೆ ಬರ್ತಾರೆ, ಮುಹೂರ್ತ ಫಿಕ್ಸ್ ಆಗಿದ್ರೆ ತಾರೀಖು ಮೂರನೇ ಬಾಕ್ಸಲ್ಲಿ ಹಾಕಿ, ಆಗಲ್ಲ ಅಂದ್ರೆ ಮೊದಲೇ ಹೇಳಿ ಪೂರ್ತಿ ದುಡ್ಡು ವಾಪಸ್ ಕೊಡ್ತೀವಿ.

ರಿಟರ್ನ್ ಇಲ್ಲ

ನಿಮ್ಮನೆ ಹೆಸರಿರೋ ಬೋರ್ಡನ್ನ ನಾವು ಇನ್ಯಾರಿಗೂ ಮಾರೋಕಾಗಲ್ಲ. ಹಾಗಾಗಿ ಒಪ್ಪಿಗೆ ಬಂದಮೇಲೆ ಕ್ಯಾನ್ಸಲ್, ರಿಟರ್ನ್, ಎಕ್ಸ್‌ಚೇಂಜ್ ಯಾವುದೂ ಇಲ್ಲ. ಸೈಜ್ ಚಿಕ್ಕದಾಯ್ತು, ಬಣ್ಣ ಇಷ್ಟ ಆಗ್ಲಿಲ್ಲ, ಪ್ರೂಫಲ್ಲೇ ಇದ್ದ ತಪ್ಪು ಈಗ ಕಾಣ್ತು ಅಂದ್ರೂ ಅಷ್ಟೇ. ಆರ್ಡರ್ ಮಾಡೋಕೆ ಮುಂಚೆ ಪೇಪರನ್ನ 18 x 8 ಕತ್ತರಿಸಿ ಬಾಗಿಲ ಪಕ್ಕ ಹಿಡಿದು ನೋಡಿ.

ಪ್ರೂಫಿಗೂ ಬೋರ್ಡಿಗೂ ವ್ಯತ್ಯಾಸ ಇದ್ರೆ ತಪ್ಪು ನಮ್ಮದು, ಹೊಸದು ಫ್ರೀ, ಕೊರಿಯರೂ ನಮ್ಮದೇ. ಒಂದ್ಸಲ "ವಾತ್ಸಲ್ಯ"ದಲ್ಲಿ ಸ ಒತ್ತನ್ನೇ ಬಿಟ್ಟು ಕೊರೆದಿದ್ವಿ, ಆ ಹಲಗೆ ಈಗ ವರ್ಕ್‌ಶಾಪಲ್ಲಿ ಟೀ ಲೋಟ ಇಡೋಕೆ ಇದೆ. ದಾರೀಲಿ ಒಡೆದು ಬಂದ್ರೂ ಬದಲಿ ಕೊಡ್ತೀವಿ, ಆದ್ರೆ ಪಾರ್ಸೆಲ್ ಬಿಚ್ಚೋ ವಿಡಿಯೋ ಬೇಕೇ ಬೇಕು, ಟೇಪ್ ಕತ್ತರಿಸೋದ್ರಿಂದ ಶುರುವಾಗಿ ನಡುವೆ ಕಟ್ ಆಗದೆ ಇರೋದು, ಕೈಗೆ ಸಿಕ್ಕಿದ 48 ಗಂಟೆಯೊಳಗೆ ಕಳಿಸಿ.

ಬಾಕ್ಸಲ್ಲಿ ಎರಡು ಸ್ಕ್ರೂ, ಎರಡು ಪ್ಲಗ್ ಇರುತ್ತೆ. ನೇರ ಮಳೆ ಹೊಡೆಯೋ ಗೋಡೆಗೆ ಹಾಕ್ಬೇಡಿ, ಸಜ್ಜೆ ಕೆಳಗೆ ಹಾಕಿ.