ಮನೆಯಲ್ಲೇ ಉಳಿಯುವ ಅಡುಗೆಯವರಿಗಾಗಿ ನಿಮ್ಮ ಒಪ್ಪಿಗೆ ಕೇಳುತ್ತಾ

ಜಯನಗರ, ಬೆಂಗಳೂರು
12-10-2025

ಮೂರ್ತಿ ಸರ್ ಅವರಿಗೆ ನಮಸ್ಕಾರಗಳು.

ಮೈಸೂರಿನಲ್ಲಿ ನೀವು, ಆಂಟಿ ಆರಾಮವಾಗಿದ್ದೀರಿ ಅಂದುಕೊಂಡಿದ್ದೇನೆ. ನಮ್ಮತ್ತೆಗೆ ಸೊಂಟದ ಆಪರೇಷನ್ ಆಗಿರುವುದು ನಿಮಗೆ ಗೊತ್ತೇ ಇದೆ. ಈಗ ವಾಕರ್ ಹಿಡಿದು ನಡೆಯುತ್ತಾರೆ. ಆದರೆ ರಾತ್ರಿ ಬಾತ್‌ರೂಮಿಗೆ ಹೋಗಲು ಒಬ್ಬರು ಜೊತೆಗೆ ಇರಲೇಬೇಕು. ಹಗಲು ನಾವಿಬ್ಬರೂ ಆಫೀಸಿನಲ್ಲಿರುತ್ತೇವೆ. ಬೆಳಿಗ್ಗೆ ಬಂದು ಹೋಗುವ ಕೆಲಸದವರಿಂದ ಇದು ಆಗುವುದಿಲ್ಲ. ಅದಕ್ಕೆ ನವೆಂಬರ್ 1ರಿಂದ ಅಡುಗೆ ಮಾಡಿಕೊಂಡು, ಅತ್ತೆಯನ್ನೂ ನೋಡಿಕೊಂಡು ಮನೆಯಲ್ಲೇ ಉಳಿಯುವ ಒಬ್ಬರನ್ನು ಇಟ್ಟುಕೊಳ್ಳಬೇಕು ಅಂತಿದ್ದೇವೆ. ಮನೆ ಬಾಡಿಗೆ ಕರಾರು ಪತ್ರದಲ್ಲಿ ನಾವು ನಾಲ್ಕು ಜನ ಮಾತ್ರ ಅಂತ ಇದೆ. ಹಾಗಾಗಿ ನೀವು ಒಪ್ಪಿದ ಮೇಲೆಯೇ ಅವರನ್ನು ಕರೆಸುತ್ತೇವೆ.

ಅವರ ಹೆಸರು ಗಿರಿಜಮ್ಮ, ವಯಸ್ಸು 46. ಹಾಸನ ಜಿಲ್ಲೆ ಅರಕಲಗೂಡು ತಾಲ್ಲೂಕಿನವರು. ಗಂಡ ತೀರಿಕೊಂಡಿದ್ದಾರೆ, ಒಬ್ಬಳೇ ಮಗಳು ಮದುವೆಯಾಗಿ ಹಾಸನದಲ್ಲಿದ್ದಾಳೆ. ಬನಶಂಕರಿಯಲ್ಲಿ ನನ್ನ ಚಿಕ್ಕಮ್ಮನ ಪಕ್ಕದ ಮನೆಯಲ್ಲಿ ಆರು ವರ್ಷ ಇದ್ದರು. ಅಲ್ಲಿನ ಅಜ್ಜಿಯನ್ನು ಕೊನೆಯವರೆಗೂ ನೋಡಿಕೊಂಡವರು ಇವರೇ. ಆ ಮನೆಯವರು ನಿಮ್ಮ ಜೊತೆ ಮಾತಾಡಲು ಒಪ್ಪಿದ್ದಾರೆ. ಅವರ ನಂಬರು, ಗಿರಿಜಮ್ಮನ ಫೋಟೋ, ಫೋನ್ ನಂಬರು, ಊರಿನ ವಿಳಾಸ ಮತ್ತು ಮಗಳ ನಂಬರು ಎಲ್ಲವನ್ನೂ ಈ ಪತ್ರದ ಜೊತೆಗಿಟ್ಟಿದ್ದೇನೆ. ಆಧಾರ್ ಪ್ರತಿಯಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ. ಮೂಲ ಕಾರ್ಡನ್ನು ನಾನೇ ನೋಡಿದ್ದೇನೆ, ನೀವು ಬಂದಾಗ ಅವರೇ ತೋರಿಸುತ್ತಾರೆ. ಇದನ್ನೆಲ್ಲ ಅವರನ್ನು ಕೇಳಿಯೇ ಕಳಿಸುತ್ತಿದ್ದೇನೆ. ದಯವಿಟ್ಟು ನಿಮ್ಮಲ್ಲೇ ಇರಲಿ, ಬೇರೆ ಯಾರಿಗೂ ಕಳಿಸಬೇಡಿ. ಪೊಲೀಸ್ ಪರಿಶೀಲನೆಗೂ ಅವರು ತಯಾರಿದ್ದಾರೆ. ನೀವು ಹೂಂ ಅಂದರೆ ಅರ್ಜಿ ಹಾಕಿ, ರಸೀದಿ ಕಳಿಸುತ್ತೇನೆ.

ಅಡುಗೆಮನೆ ಪಕ್ಕದ ಚಿಕ್ಕ ರೂಮನ್ನು ಅವರಿಗೆ ಬಿಟ್ಟುಕೊಡುತ್ತೇವೆ. ಅಲ್ಲಿ ಕಿಟಕಿ ಇದೆ, ಮಂಚ, ಫ್ಯಾನು ಹಾಕಿಸಿದ್ದೇವೆ. ಗೋಡೆಗೆ ಹೊಸದಾಗಿ ಏನೂ ಕೊರೆಯುವುದಿಲ್ಲ. ಗೇಟಿನ ಬೀಗದ ಕೈ ನಮ್ಮ ಹತ್ತಿರವೇ ಇರುತ್ತದೆ. ನಿಮ್ಮ ಮನೆಯಲ್ಲಿ ಸಸ್ಯಾಹಾರ ಮಾತ್ರ ಅನ್ನುವುದನ್ನು ಹೇಳಿದ್ದೇನೆ, ಅವರಿಗೆ ಅದರಲ್ಲಿ ತೊಂದರೆಯಿಲ್ಲ. ಮಗಳು ನೋಡಲು ಬಂದರೆ ಹಗಲು ಬಂದು ಹೋಗುತ್ತಾಳೆ. ನೀರಿನ ಖರ್ಚು ಜಾಸ್ತಿಯಾಗುತ್ತದೆ, ಅಲ್ವಾ? ಕೆಳಗಿನ ಮನೆಯವರಿಗೆ ಹೊರೆಯಾಗದಂತೆ ಬಿಲ್ಲನ್ನು ತಲೆ ಲೆಕ್ಕದಲ್ಲಿ ಹಂಚಿಕೊಂಡು, ನಾವು ಐದು ಜನರ ಪಾಲು ಕೊಡುತ್ತೇವೆ.

ಅವರ ಆಧಾರ್, ರೇಷನ್ ಕಾರ್ಡು, ವೋಟರ್ ಐಡಿ ಯಾವುದನ್ನೂ ಈ ವಿಳಾಸಕ್ಕೆ ಬದಲಾಯಿಸುವುದಿಲ್ಲ. ಅವರು ನಮ್ಮ ಕೆಲಸಕ್ಕಾಗಿ ಇರುವವರು, ಮನೆಯ ಮೇಲೆ ಅವರಿಗೆ ಬಾಡಿಗೆದಾರರ ಹಕ್ಕು ಇರುವುದಿಲ್ಲ ಅಂತ ಬರೆದು ನಾವಿಬ್ಬರೂ ಸಹಿ ಹಾಕಿಕೊಡುತ್ತೇವೆ. ಅವರು ಕೆಲಸ ಬಿಟ್ಟರೆ ಅದೇ ದಿನ ನಿಮಗೆ ತಿಳಿಸುತ್ತೇವೆ. ಅವರ ಜಾಗಕ್ಕೆ ಇನ್ನೊಬ್ಬರನ್ನು ನಿಮ್ಮನ್ನು ಕೇಳದೆ ತರುವುದಿಲ್ಲ.

ದೀಪಾವಳಿಗೆ ಬೆಂಗಳೂರಿಗೆ ಬರುತ್ತೀರಲ್ಲ, ಆಗ ಗಿರಿಜಮ್ಮನನ್ನು ಕರೆಸುತ್ತೇನೆ. ಆಂಟಿಯೂ ಒಮ್ಮೆ ಮಾತಾಡಿಸಲಿ. ಒಪ್ಪಿಗೆ ಇದ್ದರೆ ವಾಟ್ಸಾಪಿನಲ್ಲಿ ಎರಡು ಸಾಲು ಬರೆದು ಕಳಿಸಿದರೂ ಸಾಕು.

ಇಂತಿ,
ಸವಿತಾ ಮತ್ತು ಹರೀಶ್
ಮೊದಲನೇ ಮಹಡಿ